ಮಿನಿ-ಸಿಇಎಕ್ಸ್ ಮೌಲ್ಯಮಾಪನ ಪತ್ರ: ಜನರಲ್ ಮೆಡಿಸಿನ್ ವಿಭಾಗ

ದಿನಾಂಕ: 17 ಜುಲೈ 2025, ಗುರುವಾರ, ಸಂಜೆ 4.10
ಸ್ಥಳ: ಗಂಡಸರ ಮೆಡಿಕಲ್ ವಾರ್ಡ್, ಮಂಗಳೂರು
ಮೌಲ್ಯಮಾಪನಕ್ಕೆ ಒಳಗಾದವರು: ಸ್ನಾತಕೋತ್ತರ ವಿದ್ಯಾರ್ಥಿನಿ, 2ನೇ ವರ್ಷ (ಊರು ವಿಜಯಪುರ)
ಮೌಲ್ಯಮಾಪಕ: ಸಹ ಪ್ರಾಧ್ಯಾಪಕ, ಅದೇ ಯೂನಿಟ್
ರೋಗಿ: 52 ವರ್ಷದ ಕೃಷಿಕ, ಬಂಟ್ವಾಳ ತಾಲ್ಲೂಕು, ಹೊಸದಾಗಿ ದಾಖಲಾದವರು, ಜೊತೆಗೆ ಹೆಂಡತಿ
ತೊಂದರೆ: 6 ದಿನದ ಜ್ವರ, ಮೈಕೈ ನೋವು, ನಿನ್ನೆಯಿಂದ ಕಣ್ಣು ಹಳದಿ
ಪ್ರಕರಣದ ಕ್ಲಿಷ್ಟತೆ: ಹೆಚ್ಚು
ನೋಡಿದ ಅವಧಿ: 22 ನಿಮಿಷ. ಹಿಮ್ಮಾಹಿತಿಗೆ ಕೊಟ್ಟ ಅವಧಿ: 15 ನಿಮಿಷ
ಅಂಕಗಳು: 1–3 ತೃಪ್ತಿಕರವಲ್ಲ, 4–6 ತೃಪ್ತಿಕರ, 7–9 ಉತ್ತಮ

1. ರೋಗಿಯೊಂದಿಗೆ ಮಾತುಕತೆ, ವಿವರ ಸಂಗ್ರಹ: 5

ಆರಂಭ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕುಳಿತು, "ಎಂಚ ಉಲ್ಲರ್?" ಎಂದು ಕೇಳಿದರು. ಅವರಿಗೆ ಗೊತ್ತಿರುವ ತುಳು ಬಹುಶಃ ಅಷ್ಟೇ. ಆದರೂ ರೋಗಿಯ ಮುಖ ಸಡಿಲವಾಯಿತು, ಮುಂದೆ ಅವರು ಕನ್ನಡದಲ್ಲೇ ಮಾತಾಡಿದರು. ಮೊದಲ ಒಂದೂವರೆ ನಿಮಿಷ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ನಮ್ಮ ವಾರ್ಡಿನಲ್ಲಿ ಇದು ಅಪರೂಪ, ಅದಕ್ಕೇ ಬರೆಯುತ್ತಿದ್ದೇನೆ.

ಎಡವಟ್ಟಾದದ್ದು ಐದನೇ ನಿಮಿಷದಲ್ಲಿ. ಅವರು ಎರಡು ಪ್ರಶ್ನೆಯನ್ನು ಒಟ್ಟಿಗೆ ಕೇಳಿದರು: "ಜ್ವರಕ್ಕೆ ಮುಂಚೆ ಏನಾದರೂ ವಿಶೇಷ ಆಗಿತ್ತಾ ಯಜಮಾನ್ರೇ, ಏನಾದರೂ ಗುಳಿಗಿ ತಗೋತೀರಾ?" ರೋಗಿ ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರಿಸಿದರು: "ಬೀಪಿಗೆ ಒಂದು ಮಾತ್ರೆ ಉಂಟು ಡಾಕ್ಟ್ರೇ. ಮದ್ದು ಬಿಟ್ಟು ಒಂಬತ್ತು ದಿನಕ್ಕೆ ಜ್ವರ ಸುರು ಆದದ್ದು." ವಿದ್ಯಾರ್ಥಿನಿ ಇದನ್ನು ರಕ್ತದೊತ್ತಡದ ಮಾತ್ರೆ ನಿಲ್ಲಿಸಿದ್ದಾರೆ ಎಂದು ಅರ್ಥ ಮಾಡಿಕೊಂಡು, ಕೇಸ್ ಶೀಟಿನಲ್ಲಿ ಹಾಗೆಯೇ ಬರೆದರು. "ಹಂಗ ಔಷಧ ಬಿಡಬಾರದು" ಎಂದು ಮೃದುವಾಗಿಯೇ ತಿಳಿಹೇಳಿದರು. ರೋಗಿ ಒಮ್ಮೆ ಹೆಂಡತಿಯ ಮುಖ ನೋಡಿ ಸುಮ್ಮನಾದರು.

ಅಡಿಕೆ ತೋಟದವರು ಮಳೆಗಾಲದಲ್ಲಿ "ಮದ್ದು ಬಿಟ್ಟೆ" ಎಂದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದೆ ಎಂದರ್ಥ. ಮಾತ್ರೆಯನ್ನು ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ವಿಜಯಪುರದಲ್ಲಿ ಬೆಳೆದವರಿಗೆ ಈ ಬಳಕೆ ಗೊತ್ತಿರಬೇಕೆಂದು ನಾನು ನಿರೀಕ್ಷಿಸುವುದಿಲ್ಲ, ಅದಕ್ಕಾಗಿ ಅಂಕ ಕಳೆದಿಲ್ಲ. ಕಳೆದದ್ದು ಬೇರೆ ಕಾರಣಕ್ಕೆ. "ಒಂಬತ್ತು ದಿನ" ಎಂಬ ಲೆಕ್ಕವನ್ನು ರೋಗಿ ತಾನಾಗಿ ಹೇಳಿದರು. ಬೀಪಿ ಮಾತ್ರೆ ನಿಲ್ಲಿಸಿದ್ದಕ್ಕೂ ಜ್ವರಕ್ಕೂ ನಂಟು ಇಲ್ಲದಿರುವಾಗ ಅವರೇಕೆ ಎರಡನ್ನೂ ಜೋಡಿಸಿ ಹೇಳುತ್ತಿದ್ದಾರೆ ಎಂಬ ಪ್ರಶ್ನೆ ಅಲ್ಲಿ ಏಳಬೇಕಿತ್ತು. "ಮದ್ದು ಬಿಟ್ಟದ್ದು ಅಂದರೆ ಏನು?" ಎಂದು ಕೇಳಿದ್ದರೆ ಸಾಕಿತ್ತು. ರೋಗಿ ಮೌನವಾದದ್ದೂ ಒಂದು ಉತ್ತರವೇ. ಅದನ್ನು ಅವರು ಗಮನಿಸಲಿಲ್ಲ.

ಹದಿಮೂರನೇ ನಿಮಿಷಕ್ಕೆ ಹೆಂಡತಿಯೇ ಬಾಯಿಬಿಟ್ಟರು: "ಮದ್ದು ಬಿಟ್ಟ ದಿನವೇ ತೋಟದ ಕಣಿಗೆ ಇಳಿದು ಮಣ್ಣು ತೆಗ್ದಿದ್ರು. ಕಾಲಲ್ಲಿ ಗಾಯ ಸಹ ಇತ್ತು." ವಿದ್ಯಾರ್ಥಿನಿ ತಕ್ಷಣ ಅವರತ್ತ ತಿರುಗಿ, ಆ ಕಾಲುವೆಯಲ್ಲಿ ನೀರು ಎಷ್ಟಿತ್ತು, ತೋಟದಲ್ಲಿ ಇಲಿ ಕಾಟ ಇದೆಯೇ, ಜೊತೆಗೆ ಕೆಲಸ ಮಾಡಿದವರಿಗೂ ಜ್ವರ ಬಂದಿದೆಯೇ ಎಂದು ವಿಚಾರಿಸಿದರು. ಇದು ಒಳ್ಳೆಯ ಚೇತರಿಕೆ. ಆದರೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿದ್ದನ್ನು ಕೇಳಲಿಲ್ಲ. ಮೂರು ದಿನ ಡೈಕ್ಲೋಫೆನಾಕ್ ತಗೊಂಡಿದ್ದು ನಾನು ಕೇಳಿದಾಗ ಗೊತ್ತಾಯಿತು.

2. ದೈಹಿಕ ಪರೀಕ್ಷೆ: 6

ಕೈ ತೊಳೆದು, ಪರದೆ ಎಳೆದು, ಏನು ಮಾಡುತ್ತಿದ್ದೇನೆಂದು ಹೇಳಿ ಶುರು ಮಾಡಿದರು. ನಾಡಿ 112, ರಕ್ತದೊತ್ತಡ 104/64, ಜ್ವರ 101.8 ಡಿಗ್ರಿ, ಉಸಿರಾಟ ನಿಮಿಷಕ್ಕೆ 22, ಆಮ್ಲಜನಕ ಮಟ್ಟ 96: ಎಲ್ಲವನ್ನೂ ತಾವೇ ಅಳೆದರು, ನರ್ಸ್ ಬರೆದಿಟ್ಟದ್ದನ್ನು ನಕಲು ಮಾಡಲಿಲ್ಲ. ಶ್ವಾಸಕೋಶದ ತಳಭಾಗವನ್ನು ಎರಡು ಸಲ ಕೇಳಿಸಿಕೊಂಡು, ಕಫದಲ್ಲಿ ರಕ್ತ ಇದೆಯೇ ಎಂದು ಕೇಳಿದ್ದು ಸರಿಯಾದ ಎಚ್ಚರ. ಮೀನಖಂಡ ಒತ್ತಿದಾಗ ರೋಗಿ ಕಾಲು ಎಳೆದುಕೊಂಡರು, ಅದನ್ನು ಬರೆದುಕೊಂಡರು. ಕಣ್ಣಿನ ಹಳದಿಯನ್ನು ನೋಡಿದರು, ಆದರೆ ಕಣ್ಣಲ್ಲಿದ್ದ ಪಿಸುರಿಲ್ಲದ ಕೆಂಪನ್ನು ನಿದ್ದೆಗೆಟ್ಟದ್ದಕ್ಕೆ ಬಂದದ್ದು ಎಂದು ಬಿಟ್ಟರು. ಅವರು ಶಂಕಿಸಿದ ಕಾಯಿಲೆಗಳ ಪಟ್ಟಿಯಲ್ಲಿ ಸ್ಕ್ರಬ್ ಟೈಫಸ್ ಇದ್ದ ಮೇಲೆ ಕಂಕುಳು, ತೊಡೆಸಂದು, ಸೊಂಟದ ಸುತ್ತ ಕಪ್ಪು ಹಕ್ಕಳೆಗಾಗಿ ಹುಡುಕಬೇಕಿತ್ತು. ಹುಡುಕಲಿಲ್ಲ. ಆಮೇಲೆ ಇಬ್ಬರೂ ಸೇರಿ ನೋಡಿದೆವು, ಇರಲಿಲ್ಲ.

3. ವೃತ್ತಿಪರತೆ, ಮಾನವೀಯತೆ: 8

ರೋಗಿಗೆ ಚಳಿ ಬಂದಾಗ ಮಾತು ನಿಲ್ಲಿಸಿ ಕಂಬಳಿ ಹೊದಿಸಿದರು. ಹೆಂಡತಿ ಬೆಳಿಗ್ಗೆಯಿಂದ ಊಟ ಮಾಡಿಲ್ಲ ಎಂದು ತಿಳಿದು ಆಯಾಗೆ ಹೇಳಿ ಗಂಜಿ ತರಿಸಿದರು. ನಾನು ನೋಡುತ್ತಿದ್ದೇನೆಂದು ಮಾಡಿದ್ದಲ್ಲ. ಇದೇ ವಾರ್ಡಿನಲ್ಲಿ ಇದನ್ನು ಹಿಂದೆಯೂ ಕಂಡಿದ್ದೇನೆ.

4. ಕ್ಲಿನಿಕಲ್ ತರ್ಕ, ನಿರ್ಣಯ: 4

ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ಕೈಯಲ್ಲಿದ್ದ ವರದಿಗಳು: ಪ್ಲೇಟ್‌ಲೆಟ್ 68,000; ಬಿಳಿ ರಕ್ತಕಣ 13,400, ನ್ಯೂಟ್ರೋಫಿಲ್ ಹೆಚ್ಚು; ಬಿಲಿರುಬಿನ್ 4.6, ಎಸ್‌ಜಿಒಟಿ 88, ಎಸ್‌ಜಿಪಿಟಿ 72, ಕ್ರಿಯಾಟಿನಿನ್ 2.3, ಪೊಟ್ಯಾಸಿಯಂ 3.2, ಎನ್‌ಎಸ್1 ನೆಗೆಟಿವ್, ಮಲೇರಿಯಾ ಸ್ಮಿಯರ್ ಒಮ್ಮೆ ನೆಗೆಟಿವ್.

ವಿದ್ಯಾರ್ಥಿನಿ ಹೇಳಿದ ಕ್ರಮ: ಡೆಂಗಿ, ಮಲೇರಿಯಾ, ಲೆಪ್ಟೋಸ್ಪೈರೋಸಿಸ್, ಸ್ಕ್ರಬ್ ಟೈಫಸ್. ಪಟ್ಟಿಯಲ್ಲಿ ತಪ್ಪಿಲ್ಲ. ಜುಲೈ ತಿಂಗಳ ಮಂಗಳೂರಿನಲ್ಲಿ ಈ ನಾಲ್ಕನ್ನು ಯೋಚಿಸದವರನ್ನು ನಾನು ಪಾಸು ಮಾಡುವುದಿಲ್ಲ. ಡೆಂಗಿ ಮೊದಲು ಏಕೆ ಎಂದು ಕೇಳಿದಾಗ "ಪ್ಲೇಟ್‌ಲೆಟ್ ಕಡಿಮೆ ಇದೆ ಸರ್" ಎಂದರು. ನಾಲ್ಕೂ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸದ ಅಂಶವನ್ನು ಹಿಡಿದು ಕ್ರಮ ನಿರ್ಧರಿಸಿದ್ದೇ ಮೂಲ ದೋಷ. ಆರನೇ ದಿನದ ಎನ್‌ಎಸ್1 ನೆಗೆಟಿವ್ ಡೆಂಗಿಯನ್ನು ತಳ್ಳಿಹಾಕುವುದಿಲ್ಲ ಎಂದು ಅವರು ಸರಿಯಾಗಿಯೇ ಹೇಳಿದರು. ಆದರೆ ಡೆಂಗಿಯಲ್ಲಿ ಸಾಮಾನ್ಯವಾಗಿ ಇಳಿಯುವ ಬಿಳಿ ರಕ್ತಕಣ ಇಲ್ಲಿ ಏರಿದೆ. ಬಿಲಿರುಬಿನ್ ಇಷ್ಟು ಏರಿದ್ದರೂ ಲಿವರ್ ಕಿಣ್ವಗಳು ಸ್ವಲ್ಪವೇ ಏರಿವೆ. ಮೀನಖಂಡದ ನೋವು, ಕೆಂಪು ಕಣ್ಣು, ಏರಿದ ಕ್ರಿಯಾಟಿನಿನ್ ಇವೆ. ಇದರ ಮೇಲೆ ಗಾಯದ ಕಾಲಲ್ಲಿ ಕಣಿಗೆ ಇಳಿದು ಒಂಬತ್ತು ದಿನಕ್ಕೆ ಜ್ವರ. ಹೆಂಡತಿಯ ಮಾತನ್ನು ಅವರು ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆದಿದ್ದರು. ಎರಡನೇ ಪುಟದಲ್ಲಿ ರೋಗನಿರ್ಣಯ ಬರೆಯುವಾಗ ಆ ಮಾತು ಎಲ್ಲೂ ಇರಲಿಲ್ಲ.

"ಮೂತ್ರ ಸರಿಯಾಗಿ ಹೋಗ್ತಿದೆ, ಕಿಡ್ನಿ ತೊಂದರೆ ಅಷ್ಟಿಲ್ಲ" ಎಂದೂ ಹೇಳಿದರು. ಲೆಪ್ಟೋದಲ್ಲಿ ಮೂತ್ರ ಹೋಗುತ್ತಿರುವಾಗಲೇ ಕಿಡ್ನಿ ಸೋಲಬಹುದು, ಪೊಟ್ಯಾಸಿಯಂ ಏರುವ ಬದಲು ಇಳಿದಿರಬಹುದು. 3.2 ಎಂಬ ಸಂಖ್ಯೆ ಸಮಾಧಾನಕ್ಕೆ ಅಲ್ಲ, ಸುಳಿವಿಗೆ ಇತ್ತು.

ಇನ್ನು ಅಪಾಯದ ವಿಷಯ. ಔಷಧ ಬಿಟ್ಟಿದ್ದಾರೆ ಎಂಬ ತಪ್ಪು ಗ್ರಹಿಕೆಯ ಮೇಲೆ, ಟೆಲ್ಮಿಸಾರ್ಟಾನ್ ಮತ್ತೆ ಶುರು ಮಾಡಲು ಆರ್ಡರ್ ಬರೆಯತೊಡಗಿದರು. ರಕ್ತದೊತ್ತಡ 104/64, ಕ್ರಿಯಾಟಿನಿನ್ 2.3 ಇರುವವರಿಗೆ ಅದನ್ನು ಕೊಡುವಂತಿಲ್ಲ. ವೀಕ್ಷಣೆಯ ವೇಳೆ ನಾನು ಮಾತಾಡುವುದಿಲ್ಲ, ಆದರೆ ಇಲ್ಲಿ ತಡೆದೆ. ಐದನೇ ನಿಮಿಷದಲ್ಲಿ ತಪ್ಪಿದ ಒಂದು ಪದ ಇಪ್ಪತ್ತನೇ ನಿಮಿಷಕ್ಕೆ ಆರ್ಡರ್ ಶೀಟಿಗೆ ಬಂದಿತ್ತು. ಈ ಪತ್ರದಲ್ಲಿ ಮಾತುಕತೆಗೂ ತರ್ಕಕ್ಕೂ ಬೇರೆ ಬೇರೆ ಕಾಲಂ ಇದೆ. ಈ ರೋಗಿಯ ಹಾಸಿಗೆಯ ಬಳಿ ಎರಡೂ ಒಂದೇ ಆಗಿದ್ದವು.

3 ಕೊಡದೆ 4 ಕೊಟ್ಟ ಕಾರಣ: "ಡೆಂಗಿಗೆ ವಿರುದ್ಧವಾಗಿ ಏನಿದೆ?" ಎಂದು ಒಂದೇ ಪ್ರಶ್ನೆ ಕೇಳಿದ್ದಕ್ಕೆ, ವರದಿಯನ್ನು ಮತ್ತೆ ಓದಿ ಎರಡು ನಿಮಿಷದೊಳಗೆ ತಾವೇ ಕ್ರಮ ಬದಲಿಸಿದರು. ಸೆಫ್ಟ್ರಿಯಾಕ್ಸೋನ್ ತಕ್ಷಣ ಶುರು ಮಾಡೋಣ, ಸ್ಕ್ರಬ್ ಟೈಫಸ್ ಬಿಡುವಂತಿಲ್ಲವಾದ್ದರಿಂದ ಡಾಕ್ಸಿಸೈಕ್ಲಿನ್ ಸೇರಿಸೋಣ, ಲೆಪ್ಟೋ ಐಜಿಎಂ ಈಗ ನೆಗೆಟಿವ್ ಬಂದರೂ ಚಿಕಿತ್ಸೆ ನಿಲ್ಲಿಸಬಾರದು ಎಂದು ಕಾರಣ ಸಮೇತ ಹೇಳಿದರು. ಜ್ಞಾನ ಇದೆ. ಬಳಕೆಗೆ ಬರುವ ದಾರಿ ಇನ್ನೂ ಗಟ್ಟಿಯಾಗಬೇಕು.

5. ರೋಗಿಗೆ ತಿಳಿವಳಿಕೆ: 6

ಪ್ಲೇಟ್‌ಲೆಟ್ ಏರಿಸಬೇಕೆಂದು ಹೆಂಡತಿ ಪಟ್ಟು ಹಿಡಿದರು, ಪಪ್ಪಾಯಿ ಎಲೆಯ ರಸ ಕೊಡಬಹುದೇ ಎಂದೂ ಕೇಳಿದರು. ವಿದ್ಯಾರ್ಥಿನಿ ಗದರಲಿಲ್ಲ, ನಗಲೂ ಇಲ್ಲ. ರಕ್ತಸ್ರಾವ ಇಲ್ಲದಿರುವಾಗ ಈ ಮಟ್ಟಕ್ಕೆ ಪ್ಲೇಟ್‌ಲೆಟ್ ಹಾಕುವ ಅಗತ್ಯವಿಲ್ಲ, ಜ್ವರದ ಮೂಲಕ್ಕೆ ಔಷಧ ಕೊಟ್ಟರೆ ತಾನಾಗಿ ಏರುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. "ಲೆಪ್ಟೋಸ್ಪೈರೋಸಿಸ್" ಎಂದು ಮೂರು ಸಲ ಹೇಳಿದರು. ದಂಪತಿಗೆ ಏನೂ ತಿಳಿಯಲಿಲ್ಲ. "ಇಲಿ ಜ್ವರ" ಎಂದು ನಾನು ಹೇಳಿದ ಕೂಡಲೇ "ಓ, ಅದಾ" ಎಂದರು. ಕೇಳಿದ್ದನ್ನು ಮರಳಿ ಹೇಳಿಸುವ ಅಭ್ಯಾಸ ಇನ್ನೂ ಬಂದಿಲ್ಲ.

6. ಸಮಯ, ಅಚ್ಚುಕಟ್ಟು: 6

ತಕರಾರಿಲ್ಲ.

ಒಟ್ಟಾರೆ: 5

ಹಿಮ್ಮಾಹಿತಿಯಲ್ಲಿ ಒಪ್ಪಿಕೊಂಡ ಕೆಲಸಗಳು

ಮುಂದಿನ ಎರಡು ವಾರ ದಾಖಲಾಗುವ ಪ್ರತಿ ಜ್ವರದ ರೋಗಿಯ ಕೇಸ್ ಶೀಟಿನಲ್ಲಿ, ಮೊದಲ ರೋಗನಿರ್ಣಯದ ಕೆಳಗೆ ಅದಕ್ಕೆ ವಿರುದ್ಧವಾದ ಎರಡು ಅಂಶ ಬರೆಯುವುದು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವುದು. ರೋಗಿ ಬಳಸಿದ ಮುಖ್ಯ ಮಾತನ್ನು ವೈದ್ಯಕೀಯ ಪದಕ್ಕೆ ತಿರುಗಿಸದೆ ಅವರದೇ ಶಬ್ದದಲ್ಲಿ ಬರೆದುಕೊಂಡು, ಅರ್ಥ ಅವರಿಂದಲೇ ಕೇಳುವುದು. ಇಲ್ಲಿಯ ಕೃಷಿ, ಮೀನುಗಾರಿಕೆ ಕೆಲಸದ ಮಾತುಗಳನ್ನು ವಾರ್ಡಿನ ಹಿರಿಯ ಸಿಸ್ಟರ್ ಅವರಿಂದ ಕಲಿಯುತ್ತೇನೆ ಎಂದು ವಿದ್ಯಾರ್ಥಿನಿಯೇ ಹೇಳಿದರು; ಅದು ನನಗೆ ಹೊಳೆದಿರಲಿಲ್ಲ. ಮುಂದಿನ ವೀಕ್ಷಣೆ 31 ಜುಲೈ, ಒಪಿಡಿಯಲ್ಲಿ.

ವಿದ್ಯಾರ್ಥಿನಿಯ ಮಾತು

"ಅವರು ಸುಮ್ಮನಾದಾಗ ನನ್ನ ಮಾತು ಒಪ್ಪಿಕೊಂಡರು ಅಂದುಕೊಂಡೆ. ಸಂಜೆ ಮತ್ತೆ ಹೋಗಿ, ನಾನು ತಪ್ಪು ತಿಳಿದಿದ್ದೆ, ನೀವು ಮಾತ್ರೆ ಬಿಟ್ಟಿರಲಿಲ್ಲ ಎಂದು ಅವರಿಗೆ ಹೇಳಿದೆ. ತೋಟಕ್ಕೆ ಮದ್ದು ಬಿಡುವುದು ಹೇಗೆ ಎಂದು ಹತ್ತು ನಿಮಿಷ ವಿವರಿಸಿದರು. ತರ್ಕಕ್ಕೆ ಕೊಟ್ಟ ಅಂಕ ಸರಿ ಇದೆ."

ಸೇರ್ಪಡೆ, 21 ಜುಲೈ

ಲೆಪ್ಟೋ ಐಜಿಎಂ ಪಾಸಿಟಿವ್ ಬಂದಿದೆ. ಕ್ರಿಯಾಟಿನಿನ್ 1.4ಕ್ಕೆ ಇಳಿದಿದೆ, ಪ್ಲೇಟ್‌ಲೆಟ್ 1,42,000. ಫಲಿತಾಂಶ ನೋಡಿ ಮೇಲಿನ ಯಾವ ಅಂಕವನ್ನೂ ಬದಲಿಸಿಲ್ಲ. ಟೆಲ್ಮಿಸಾರ್ಟಾನ್ ಯಾವಾಗ ಮರಳಿ ಕೊಡಬೇಕೆಂದು ವಿದ್ಯಾರ್ಥಿನಿ ಇವತ್ತಿನ ರೌಂಡ್ಸಿನಲ್ಲಿ ತಾವಾಗಿಯೇ ಕೇಳಿದರು. ಕ್ರಿಯಾಟಿನಿನ್ ಪೂರ್ತಿ ಇಳಿದ ಮೇಲೆ ಮರುಪರಿಶೀಲನೆ ಎಂದು ಬರೆದಿದ್ದಾರೆ.