ನಲವತ್ತೈದು ಸೆಕೆಂಡು

ರಾತ್ರಿ 8 ಗಂಟೆ 52 ನಿಮಿಷಕ್ಕೆ ಬನಶಂಕರಿಯ ಆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಯಿತು. ಮೂರನೆಯ ಮಹಡಿಯ 302ರಲ್ಲಿ, ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದ ಗಿರೀಶನು ಎದ್ದು ನಿಂತು, ಮನಸ್ಸಿನಲ್ಲೇ ಒಂದು ಎಂದು ಎಣಿಸಿದನು.

ಕತ್ತಲು ಬಂದೇ ಬರುತ್ತದೆಂದು ಅವನಿಗೆ ಸಂಜೆಯೇ ಗೊತ್ತಾಗಿತ್ತು. ಮೇ ತಿಂಗಳ ಬೆಂಗಳೂರಿನಲ್ಲಿ ಹಗಲೆಲ್ಲ ಕಾದ ಆಕಾಶ ಸಂಜೆಗೆ ಕಪ್ಪಾಗಿ, ಮಳೆಗೆ ಮುಂಚೆ ಗಾಳಿ ಎದ್ದಿತೆಂದರೆ, ರಸ್ತೆ ಬದಿಯ ಗುಲ್‌ಮೊಹರ್ ಮರಗಳು ಎಲ್ಲಾದರೊಂದು ಕಡೆ ಕೊಂಬೆಯನ್ನು ತಂತಿಯ ಮೇಲೆ ಬೀಳಿಸದೆ ಇರುವುದಿಲ್ಲ. ಆದುದರಿಂದ ಅವನು ಎಂಟು ಗಂಟೆಯಿಂದ ಟಿವಿ ಹಾಕಿರಲಿಲ್ಲ, ಊಟಕ್ಕೂ ಕುಳಿತಿರಲಿಲ್ಲ. ಅಂಗಿಯ ಜೇಬಿನಲ್ಲಿ 402ರ ಬೀಗದ ಕೈಯ ನಕಲು ಇತ್ತು, ಬಲಗೈಯ ಮುಷ್ಟಿಯಲ್ಲಿ ಗೇಣಿಗಿಂತ ಸ್ವಲ್ಪ ಚಿಕ್ಕದಾದ ಒಂದು ಕಬ್ಬಿಣ ಇತ್ತು.

ನಾಲ್ಕು ಎನ್ನುವಷ್ಟರಲ್ಲಿ ಅವನು ಬಾಗಿಲು ದಾಟಿದ್ದನು. ಚಪ್ಪಲಿ ಮೆಟ್ಟಲಿಲ್ಲ, ಮೊಬೈಲಿನ ಟಾರ್ಚನ್ನೂ ಹಚ್ಚಲಿಲ್ಲ. ಕಳೆದ ಮೂರು ವಾರಗಳಲ್ಲಿ, ಯಾರೂ ಓಡಾಡದ ಹೊತ್ತು ನೋಡಿಕೊಂಡು, ಕಣ್ಣು ಮುಚ್ಚಿ ಆ ಮೆಟ್ಟಿಲುಗಳನ್ನು ಎಷ್ಟೋ ಸಲ ಹತ್ತಿ ಇಳಿದು, ಬೆಳಕಿಲ್ಲದೆಯೂ ತಪ್ಪದಂತೆ ಕಾಲುಗಳಿಗೆ ಅಭ್ಯಾಸ ಮಾಡಿಸಿದ್ದನು. ಮೊದಲು ಒಂಬತ್ತು ಮೆಟ್ಟಿಲು, ಎಡಕ್ಕೊಂದು ತಿರುವು, ಮತ್ತೆ ಒಂಬತ್ತು ಮೆಟ್ಟಿಲು. ತಿರುವಿನ ಕಿಟಕಿಯಿಂದ ಎರಚಲು ಹೊಡೆದು ನೆಲ ಒದ್ದೆಯಾಗಿರುತ್ತದೆ ಎಂಬುದು ಕೂಡ ಅವನ ಲೆಕ್ಕದಲ್ಲಿತ್ತು.

402ರ ವೃದ್ಧೆ ಈಗ ಒಬ್ಬರೇ ಇದ್ದಾರೆಂಬುದು ಅವನಿಗೆ ತಿಳಿದಿತ್ತು. ಅವರ ಮಗಳಿಗೆ ಈ ವಾರ ರಾತ್ರಿ ಪಾಳಿಯಾದುದರಿಂದ ಅವಳನ್ನು ಕರೆದೊಯ್ಯುವ ಕ್ಯಾಬು ಎಂಟಕ್ಕೇ ಗೇಟಿನಿಂದ ಹೊರಟಿತ್ತು, ರಾತ್ರಿ ಜೊತೆಯಲ್ಲಿ ಮಲಗಲು ಬರುವ ಹೆಂಗಸು ಒಂಬತ್ತೂವರೆಗೆ ಮುಂಚೆ ಬರುತ್ತಿರಲಿಲ್ಲ. ಇವೆರಡರ ನಡುವಿನ ಒಂದೂವರೆ ಗಂಟೆಯಲ್ಲಿ ಕತ್ತಲಾದರೆ ತನಗೆ ಸಿಗುವುದು ನಲವತ್ತೈದು ಸೆಕೆಂಡು ಮಾತ್ರವೆಂದು ಅವನು ಗಡಿಯಾರ ಹಿಡಿದೇ ಕಂಡುಕೊಂಡಿದ್ದನು.

ಹನ್ನೆರಡು. ನಾಲ್ಕನೆಯ ಮಹಡಿಗೆ ಕಾಲಿಡುತ್ತಿದ್ದಂತೆಯೇ ಅವನು ಹೆದರಿದ್ದ ಸದ್ದು ಕಿವಿಗೆ ಬಿತ್ತು. 402ರ ಮುಚ್ಚಿದ ಬಾಗಿಲಿನ ಆಚೆ ಸಣ್ಣ ದನಿಯ ಸೀಟಿಯೊಂದು, ನಡುವೆ ಉಸಿರು ತೆಗೆದುಕೊಳ್ಳದೆ, ಒಂದೇ ಸಮನೆ ಕೂಗುತ್ತಿತ್ತು. ಕರೆಂಟಿದ್ದಾಗ ಫ್ಯಾನು, ಫ್ರಿಜ್ಜು, ಟಿವಿಗಳ ಗದ್ದಲದಲ್ಲಿ ಯಾರ ಗಮನಕ್ಕೂ ಬಾರದ ದನಿಗಳು ಕತ್ತಲಿನಲ್ಲಿ ಇಡೀ ಮಹಡಿಯನ್ನು ತುಂಬುತ್ತವೆ. ಆ ಸೀಟಿ ಕೇಳಿದ ಮೇಲೆ ಅವನ ಎಣಿಕೆ ಒಂದು ಅಂಕಿ ತಪ್ಪಿತು. ಹದಿಮೂರೋ ಹದಿನಾಲ್ಕೋ ಖಚಿತವಾಗದೆ, ಹದಿನಾಲ್ಕೆಂದೇ ಹಿಡಿದನು. ಇಂಥ ಲೆಕ್ಕದಲ್ಲಿ ಕಡಿಮೆ ಸಮಯವಿದೆಯೆಂದು ತಿಳಿಯುವುದೇ ಕ್ಷೇಮ.

ಆಗಲೇ ಎದುರಿನ 401ರ ಬಾಗಿಲು ತೆರೆಯಿತು. ನಿವೃತ್ತರಾದ ನಂಜುಂಡಯ್ಯನವರು ಒಂದು ಕೈಯಲ್ಲಿ ಉರಿಯುವ ಮೇಣದಬತ್ತಿಯನ್ನು ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆ ಮಾಡಿಕೊಂಡು ಹೊರಗೆ ಬಂದರು. ಬಹುಶಃ ಎದುರು ಬದಿಯ ಕಟ್ಟಡದಲ್ಲಿಯೂ ದೀಪ ಹೋಗಿದೆಯೇ ಎಂದು ನೋಡುವುದಕ್ಕಿರಬೇಕು. ಅದನ್ನು ಖಚಿತಪಡಿಸಿಕೊಳ್ಳುವ ತನಕ ಅಪಾರ್ಟ್‌ಮೆಂಟಿನ ಜನರಿಗೆ ಸಮಾಧಾನವಿರುವುದಿಲ್ಲ. ಸೀಟಿಯ ಸದ್ದಿಗೆ ಅವರು 402ರ ಕಡೆಗೆ ತಿರುಗಿದರು. ಮೇಣದಬತ್ತಿಯ ಬೆಳಕು ಗಿರೀಶನ ಬರಿಗಾಲಿನ ಮೇಲೂ, ಬೀಗಕ್ಕೆ ಹೊಂದಿಸುತ್ತಿದ್ದ ಎಡಗೈಯ ಮೇಲೂ, ಬಲಗೈಯ ಕಬ್ಬಿಣದ ಮೇಲೂ ಹರಿಯಿತು.

“ಯಾರಪ್ಪಾ ಅದು? ಟೀಚರಮ್ಮನ ಬಾಗಿಲಲ್ಲಿ ಏನು ಮಾಡುತ್ತಿದ್ದೀಯೆ?”

ಗಿರೀಶನು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟರೆ ಎರಡನೆಯ ಪ್ರಶ್ನೆ ಬರುತ್ತದೆ, ಅದಕ್ಕೆ ಮೂರನೆಯದು. ಅವರು ಬತ್ತಿಯನ್ನು ಮುಂದೆ ಚಾಚಿಕೊಂಡು ಎರಡು ಹೆಜ್ಜೆ ಹತ್ತಿರ ಬಂದ ಕೂಡಲೆ ಅವನು ಬಾಗಿ, ಒಂದೇ ಉಸಿರಿಗೆ ಆ ಜ್ವಾಲೆಯನ್ನು ಊದಿ ಆರಿಸಿದನು.

ಮತ್ತೆ ಕವಿದ ಕತ್ತಲಿನಲ್ಲಿ ಬೀಗ ತಿರುಗಿದ ಸದ್ದು ಕೇಳಿತು. ಅದರ ಹಿಂದೆಯೇ ನಂಜುಂಡಯ್ಯನವರ ಕೂಗು ಮೆಟ್ಟಿಲಿನ ಬಾವಿಯುದ್ದಕ್ಕೂ ಇಳಿಯಿತು. “ಕಳ್ಳ! ಯಾರಾದರೂ ಬನ್ರಪ್ಪಾ, ಟೀಚರಮ್ಮನ ಮನೆಗೆ ಕಳ್ಳ ನುಗ್ಗಿದ್ದಾನೆ!”

ಇಪ್ಪತ್ತೆರಡು. ಕೆಳಗಿನ ಮಹಡಿಗಳಲ್ಲಿ ಬಾಗಿಲುಗಳು ತೆರೆಯುವುದು, ಯಾರೋ ಯಾರನ್ನೋ ಕರೆಯುವುದು, ತಳಮಹಡಿಯ ಕಡೆಗೆ ಕಾವಲುಗಾರ ಓಡುವುದು ಎಲ್ಲವೂ ಗಿರೀಶನಿಗೆ ಕೇಳಿಸಿತು. ಜನರೇಟರನ್ನು ಕೈಯಿಂದಲೇ ಚಾಲೂ ಮಾಡಬೇಕಾದ ಹಳೆಯ ಕಟ್ಟಡವದು. ಗೇಟಿನಿಂದ ಓಡಿ, ಸ್ವಿಚ್ಚನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿ, ಇಂಜಿನ್ನು ಹೊಡೆದುಕೊಳ್ಳುವವರೆಗೆ ಒಂದು ನಿಮಿಷವಾದರೂ ಬೇಕು. ಅಷ್ಟರೊಳಗೆ ತನ್ನ ಕೆಲಸ ಮುಗಿದಿರಬೇಕು.

ನಡುಮನೆಯನ್ನು ದಾಟಲು ಹನ್ನೊಂದು ಹೆಜ್ಜೆ. ಏಳನೆಯ ಹೆಜ್ಜೆಗೆ, ಎಂದೂ ಅಲ್ಲಿರದ ಟೀಪಾಯಿ ಮೊಣಕಾಲಿಗೆ ಬಡಿಯಿತು, ಕಬ್ಬಿಣ ಕೈ ಜಾರಿತು, ನೆಲದ ಮೇಲೆ ಠಣ್ಣೆಂದು ಪುಟಿದು ಎತ್ತಲೋ ಉರುಳಿಹೋಯಿತು. ಅವನು ಮಂಡಿಯೂರಿ ಎರಡೂ ಕೈಗಳಿಂದ ನೆಲವನ್ನು ಸವರಿದನು. ಸಿಕ್ಕಿದ್ದು ಒಂದು ಚಪ್ಪಲಿ, ಒಂದು ಪತ್ರಿಕೆ, ಸೋಫಾದ ಕಾಲು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಮಲಗುವ ಕೋಣೆಯಿಂದ ಬರುತ್ತಿದ್ದ ಸೀಟಿಯ ಹಿಂದೆ ಈಗ ಇನ್ನೊಂದು ಸದ್ದಿತ್ತು. ಅದು ಮನುಷ್ಯರ ಉಸಿರು. ಮೇಲಿಂದ ಮೇಲೆ ಎಳೆದುಕೊಳ್ಳುತ್ತ, ನಡುನಡುವೆ ನಿಂತು, ಬಾಗಿಲ ಬಳಿ ಯಾರೋ ಇದ್ದಾರೆಂದು ತಿಳಿದು ತಡೆಹಿಡಿದಂತೆ ಆಗಿ, ಮತ್ತೆ ಆತುರಾತುರವಾಗಿ ಹೊರಡುವ ಉಸಿರು.

ಕಬ್ಬಿಣ ಹೋದರೆ ಹೋಗಲಿ, ಬರಿಗೈಯಲ್ಲೇ ಆಗಬೇಕು ಎಂದು ಅವನು ಎದ್ದನು.

ಮೂವತ್ತಾರು. ಮಂಚದ ಅಂಚು ತೊಡೆಗೆ ತಗುಲಿತು. ಅವನು ಬಗ್ಗುವುದಕ್ಕೆ ಮೊದಲೇ ಕತ್ತಲಿನಿಂದ ಒಂದು ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ವೃದ್ಧೆಯ ಉಗುರುಗಳು ಚರ್ಮಕ್ಕೆ ನಾಟಿದವು. ಆ ತೆಳ್ಳನೆಯ ಕೈಯಲ್ಲಿ ಅಷ್ಟು ಬಲವಿದ್ದೀತೆಂದು ಅವನು ಎಣಿಸಿರಲಿಲ್ಲ. ಒಂದೊಂದೇ ಬೆರಳನ್ನು ಬಿಡಿಸಿಕೊಂಡನು. ಎಡಗೈಯಿಂದ ಅವರ ಗಲ್ಲವನ್ನು ತಡವಿ, ಅಲ್ಲಿಂದ ಕುತ್ತಿಗೆಗೆ ಇಳಿದು, ಅಲ್ಲಿ ಸುತ್ತಿಕೊಂಡಿದ್ದ ತೆಳುವಾದ ಪ್ಲಾಸ್ಟಿಕ್ ನಳಿಕೆಯನ್ನು ಬೆರಳುಗಳ ನಡುವೆ ಹಿಡಿದು ಜಗ್ಗಿದನು. ಅವರು ಏನನ್ನೋ ಹೇಳಲು ಬಾಯಿ ತೆರೆದರು, ದನಿ ಹೊರಡಲಿಲ್ಲ.

ಹೊರಗೆ ಹೆಜ್ಜೆಗಳು ಬಾಗಿಲಿಗೆ ಬಂದವು. “ಒಳಗೇ ಇದ್ದಾನೆ, ಬಿಡಬೇಡಿ,” ಎಂದಿತು ಒಂದು ದನಿ.

ಅವನ ಬಲಗೈ ಕತ್ತನ್ನು ಹುಡುಕಿ ಹಿಡಿಯಿತು. ಅದು ತಣ್ಣಗಿತ್ತು. ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ಮುಂಗೈಗೆ ತಂದು, ತಿರುಚಿದನು. ನಲವತ್ತೊಂದು. ಏನೂ ಆಗಲಿಲ್ಲ. ಇನ್ನೊಮ್ಮೆ ತಿರುಚಿದನು.

ನಲವತ್ತಮೂರು. ಬುಸ್ಸೆಂಬ ಸದ್ದಿನೊಡನೆ ಉಸಿರು ಹೊರಟಿತು.

ತಳಮಹಡಿಯಲ್ಲಿ ಜನರೇಟರು ಕೆಮ್ಮಿ, ಗುಡುಗಿ, ಹೊತ್ತಿಕೊಂಡಿತು. ನಡುಮನೆಯ ಒಂದೇ ಒಂದು ದೀಪ ಎರಡು ಸಲ ಮಿನುಗಿ ನಿಂತಿತು, ಅದರ ಬೆಳಕು ತೆರೆದ ಬಾಗಿಲಿನ ಮೂಲಕ ಮಂಚದ ಕಾಲ ಬಳಿಯವರೆಗೆ ಚಾಚಿತು. ಕೈಯಲ್ಲಿ ಊರುಗೋಲನ್ನು ಎತ್ತಿ ಹಿಡಿದು ಎಲ್ಲರಿಗಿಂತ ಮುಂದೆ ಬಂದಿದ್ದ ನಂಜುಂಡಯ್ಯನವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಗಿರೀಶನು ಹಿಡಿದಿದ್ದ ತಣ್ಣನೆಯ ಕತ್ತು ಮಂಚದ ಪಕ್ಕದಲ್ಲಿ ನಿಲ್ಲಿಸಿದ್ದ ಕಪ್ಪು ಸಿಲಿಂಡರಿನದು. ಅದರ ತಲೆಗೆ, ಮಗಳು ಕೆಂಪು ದಾರದಲ್ಲಿ ಕಟ್ಟಿಟ್ಟಿದ್ದ ಕಬ್ಬಿಣದ ಚಾವಿ ಸಿಕ್ಕಿಸಿತ್ತು. ಒಂದೇ ಚಾವಿಯನ್ನು ನಂಬಬಾರದೆಂದು ಅವನು ತಂದಿಟ್ಟುಕೊಂಡಿದ್ದ ಅದರ ಜೋಡಿ ನಡುಮನೆಯ ಸೋಫಾದ ಕೆಳಗೆ ಬಿದ್ದಿತ್ತು. ನೀರಿನ ಸೀಸೆಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ಅಲ್ಲಿಂದ ಹೊರಟ ನಳಿಕೆ ಸರೋಜಮ್ಮ ಟೀಚರ ಕಿವಿಗಳನ್ನು ಬಳಸಿ ಮೂಗಿಗೆ ಸೇರಿತ್ತು. ಅವನು ಕತ್ತಲಿನಲ್ಲಿ ಜಗ್ಗಿ ತೆಗೆದದ್ದು ಅದರ ಇನ್ನೊಂದು ತುದಿಯನ್ನು, ನಿಂತುಹೋದ ಯಂತ್ರದಿಂದ.

ಆ ಯಂತ್ರ ಮೂಲೆಯಲ್ಲಿ ಇನ್ನೂ ಸೀಟಿ ಹಾಕುತ್ತಲೇ ಇತ್ತು. ಕೋಣೆಯ ಗಾಳಿಯನ್ನು ಎಳೆದುಕೊಂಡು, ಸಾರಜನಕವನ್ನು ಸೋಸಿ ಬಿಟ್ಟು, ಆಮ್ಲಜನಕವನ್ನು ಮಾತ್ರ ಒಟ್ಟುಗೂಡಿಸಿ ಕೊಡುವ ಯಂತ್ರವದು, ಕರೆಂಟು ಹೋದರೆ ಕೂಗುವುದೊಂದನ್ನು ಬಿಟ್ಟು ಬೇರೇನನ್ನೂ ಮಾಡಲಾರದು. ಮನೆಯ ಯುಪಿಎಸ್ಸಿನ ಬ್ಯಾಟರಿ ಕೆಟ್ಟು ರಿಪೇರಿಗೆ ಹೋಗಿತ್ತು, ಜನರೇಟರಿನ ತಂತಿ ಪ್ರತಿ ಮನೆಯಲ್ಲಿಯೂ ನಡುಮನೆಯ ಆ ಒಂದು ದೀಪಕ್ಕಿಂತ ಮುಂದೆ ಬಂದಿರಲಿಲ್ಲ. ಮೂರು ವಾರಗಳ ಹಿಂದೆ ಹೀಗೆಯೇ ಕತ್ತಲಾಗಿದ್ದಾಗ, ಟೀಚರ ಬೆರಳಿಗೆ ಸಿಕ್ಕಿಸಿದ್ದ ಪುಟ್ಟ ಮೀಟರಿನಲ್ಲಿ 92 ಇದ್ದ ಅಂಕಿ ನಲವತ್ತೈದನೆಯ ಸೆಕೆಂಡಿಗೆ 76ಕ್ಕೆ ಇಳಿದು, ಅವರ ಕತ್ತು ದಿಂಬಿನ ಮೇಲೆ ವಾಲಿದ್ದನ್ನು ಗಿರೀಶನು ಮಗಳ ಪಕ್ಕದಲ್ಲಿ ನಿಂತು ನೋಡಿದ್ದನು. ಮರುದಿನವೇ ಬೀಗದ ಕೈಗೆ ನಕಲು ಮಾಡಿಸಲಾಗಿತ್ತು.

ಯಾರೂ ಮಾತನಾಡಲಿಲ್ಲ. ಎಲ್ಲರೂ ಮೀಟರಿನ ಕೆಂಪು ಅಂಕಿಯನ್ನೇ ನೋಡುತ್ತಿದ್ದರು. 78. ಬಹಳ ಹೊತ್ತು 78. ಅನಂತರ 81, 85. 89ಕ್ಕೆ ಬಂದಾಗ ಟೀಚರು ಕಣ್ಣು ತೆರೆದು, ಗಿರೀಶನ ಮಣಿಕಟ್ಟಿನ ಮೇಲೆ ಮೂಡಿದ್ದ ಉಗುರಿನ ಗುರುತುಗಳನ್ನು ಹೆಬ್ಬೆರಳಿನಿಂದ ಸವರಿದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ಅವರು.

“ನಾನೂ ಎಣಿಸುತ್ತಿದ್ದೆ ಕಣೋ,” ಎಂದರು ಒಂದೊಂದೇ ಪದವನ್ನು ಬಿಡಿಸುತ್ತ. “ನಲವತ್ತೆರಡು.”

“ನನ್ನದು ನಲವತ್ತಮೂರು, ಅಮ್ಮಾ. ಮೆಟ್ಟಿಲ ಹತ್ತಿರ ಒಂದು ತಪ್ಪಿತ್ತು.”

ನಂಜುಂಡಯ್ಯನವರು ಊರುಗೋಲನ್ನು ಇಳಿಸಿದರು. ಟೀಚರ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಕಾಗದದ ಮೇಲೆ ಮಗಳ ದಪ್ಪ ಅಕ್ಷರಗಳಲ್ಲಿ ಬರೆದದ್ದು ಅವರ ಕಣ್ಣಿಗೆ ಆಗ ಬಿತ್ತು. ಅದನ್ನು ಓದಲೆಂದು ಅವರು ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿ, ಬೆಂಕಿಪೊಟ್ಟಣವನ್ನು ತೆಗೆದು, ಒಂದು ಕಡ್ಡಿಯನ್ನು ಅರ್ಧ ಹೊರಗೆಳೆದಿದ್ದರು.

“ರಾಯರೇ, ಆಮ್ಲಜನಕದ ಹತ್ತಿರ ಬೆಂಕಿ ದಯವಿಟ್ಟು ಬೇಡ,” ಎಂದನು ಗಿರೀಶನು ಸಿಲಿಂಡರಿನಿಂದ ಕೈ ತೆಗೆಯದೆಯೇ. “ನಿಮ್ಮ ಬತ್ತಿಯನ್ನು ಆರಿಸಿದ್ದೂ ಅದಕ್ಕೇ.”

ಅವರು ಕಡ್ಡಿಯನ್ನು ಪೊಟ್ಟಣದೊಳಕ್ಕೆ ತಳ್ಳಿ, ನಿಧಾನವಾಗಿ ಹಿಂದೆ ಸರಿದು, ಅದನ್ನು ಹೊರಗಿನ ಮೆಟ್ಟಿಲ ಮೇಲೆ ಇಟ್ಟು ಬಂದರು. ಬಂದವರು ಸೋಫಾದ ಮುಂದೆ ಮಂಡಿಯೂರಿ, ಉರುಳಿಹೋಗಿದ್ದ ಕಬ್ಬಿಣದ ಚಾವಿಗಾಗಿ ಅದರ ಕೆಳಗೆ ಕೈಯಾಡಿಸತೊಡಗಿದರು.