ಪರಿಷ್ಕೃತ ರಜೆ ನಿಯಮ: ಜೂನ್ 1, ಸೋಮವಾರದಿಂದ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಆಫೀಸು, ಸಾಗರ ಮತ್ತು ತೀರ್ಥಹಳ್ಳಿ ಶಾಖೆ, ಫೀಲ್ಡಲ್ಲಿರೋ ಸರ್ವೀಸ್ ಹುಡುಗರು, ಎಲ್ಲರೂ ದಯವಿಟ್ಟು ಪೂರ್ತಿ ಓದಿ. ಅರ್ಧ ಓದಿ ನನಗೆ ಫೋನ್ ಮಾಡಬೇಡಿ. ಸಾಹೇಬರು ನಿನ್ನೆ ಸಂಜೆ ಸಹಿ ಹಾಕಿದ್ದಾರೆ. ಸಹಿಯಾದ ಪ್ರತಿಯನ್ನು ಮೂರೂ ಕಡೆ ನೋಟಿಸ್ ಬೋರ್ಡಿಗೆ ಹಚ್ಚಿಸುತ್ತೇನೆ.

ಮೊದಲು ಬದಲಾಗದೆ ಇರೋದು. ಗಳಿಕೆ ರಜೆ ಹಿಂದಿನ ಹಾಗೇ, 20 ದಿನ ಕೆಲಸಕ್ಕೆ ಒಂದು. ಉಳಿದಿದ್ದು 45 ದಿನದವರೆಗೆ ಮುಂದಿನ ವರ್ಷಕ್ಕೆ ಹೋಗುತ್ತೆ. ಕಾಯಿಲೆ ರಜೆ ವರ್ಷಕ್ಕೆ 12. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಎಲ್ಲರಿಗೂ ರಜೆ, ಹಬ್ಬದ ರಜೆ ಐದು.

*ಸಿಎಲ್ 6 ಇದ್ದಿದ್ದು 8 ಆಗಿದೆ.* ಅರ್ಧ ದಿನವೂ ಹಾಕಬಹುದು. ಶನಿವಾರ, ಸೋಮವಾರ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದೆವಲ್ಲ, ಅದನ್ನು ತೆಗೆದಿದ್ದೇವೆ. ಈ ವಿಷಯಕ್ಕೆ ನಾನು ಎಷ್ಟು ಬೈಸಿಕೊಂಡಿದ್ದೇನೆ ಅಂತ ನಿಮಗೆಲ್ಲ ಗೊತ್ತು.

ಇನ್ನು ಕೊಯ್ಲಿನ ರಜೆ. ನಾವು ಮಾರೋದು ಅಡಿಕೆ ಸುಲಿಯೋ ಯಂತ್ರ. ಅಕ್ಟೋಬರಿಂದ ಜನವರಿ ತನಕ ಗಿರಾಕಿ ಫೋನ್ ಇಡೋದೇ ಇಲ್ಲ. ಅದೇ ಹೊತ್ತಿಗೆ ನಮ್ಮಲ್ಲೇ ಅರ್ಧಕ್ಕರ್ಧ ಜನರ ಮನೇಲೂ ಕೊನೆ ಕೊಯ್ಲು. ಹೋದ ವರ್ಷ ನವೆಂಬರಲ್ಲಿ ಒಂದೇ ದಿನ ನಾಲ್ಕು ಮೆಕ್ಯಾನಿಕ್‌ಗಳು 'ಹೊಟ್ಟೆನೋವು' ಅಂತ ಬರೆದುಕೊಟ್ಟರು. ಮರುದಿನ ನಾಲ್ವರ ಬೆರಳೂ ಅಡಿಕೆ ಚೊಗರಿಗೆ ಕಪ್ಪಾಗಿತ್ತು, ರಜೆ ಪುಸ್ತಕದ ಪುಟದಲ್ಲಿ ಗುರುತು ಇನ್ನೂ ಹಾಗೇ ಇದೆ. ಅಂಥ ಸುಳ್ಳು ಹೇಳೋ ಪರಿಸ್ಥಿತಿ ಬೇಡ ಅಂತ ಸಾಹೇಬರ ಹತ್ತಿರ ನಾನೇ ಕೇಳಿದೆ.

ಆದ್ದರಿಂದ ತೋಟ ಇರೋರಿಗೆ, ತೋಟದ ಕೆಲಸಕ್ಕೆ ಹೋಗೋ ಮನೆಯವರಿಗೂ, *ವರ್ಷಕ್ಕೆ 3 ದಿನ ಸಂಬಳ ಸಹಿತ ಕೊಯ್ಲು ರಜೆ.* ಇದು ಸಿಎಲ್ ಲೆಕ್ಕಕ್ಕೆ ಬರೋದಿಲ್ಲ. ಸೆಪ್ಟೆಂಬರ್ 15ರೊಳಗೆ ಅಂದಾಜು ದಿನ ಬರೆಸಿ. ಕೊನೆಗಾರ ಹೇಳಿದ ದಿನಕ್ಕೆ ಬರೋದಿಲ್ಲ ಅನ್ನೋದು ನನಗೂ ಗೊತ್ತು, ನಮ್ಮ ಮನೇಲೂ ಅದೇ ಕಥೆ. ಹಿಂದಿನ ದಿನ ಸಂಜೆ 6ರೊಳಗೆ ತಿಳಿಸಿದರೆ ದಿನ ಬದಲಿಸಿ ಕೊಡುತ್ತೇನೆ. ಆದರೆ ಸರ್ವೀಸ್ ವಿಭಾಗದಲ್ಲಿ ಒಂದು ದಿನಕ್ಕೆ ಇಬ್ಬರಿಗಿಂತ ಹೆಚ್ಚು ಜನರಿಗೆ ಸಿಗೋದಿಲ್ಲ. ಮೊದಲು ಬರೆಸಿದವರಿಗೆ ಮೊದಲು. ಬೆಟ್ಟೆ ಬೇಯಿಸೋಕೆ, ಒಣಗಿಸೋಕೆ ಇನ್ನೂ ದಿನ ಬೇಕಾದರೆ ಗಳಿಕೆ ರಜೆ ಹಾಕಿ.

ಮಳೆಗಾಲದ್ದು. ಗುಡ್ಡ ಕುಸಿದು ರಸ್ತೆ ಕಟ್ಟಿದರೆ, ಮರ ಬಿದ್ದು ಬಸ್ ನಿಂತರೆ, ನಿಮ್ಮ ತಾಲ್ಲೂಕಲ್ಲಿ ಶಾಲೆಗೆ ಮಳೆ ರಜೆ ಘೋಷಿಸಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳೋಕೆ ಮನೇಲಿ ಯಾರೂ ಇಲ್ಲದಿದ್ದರೆ, ಆ ದಿನ ರಜೆ ಕಡಿತ ಇಲ್ಲ. ವರ್ಷಕ್ಕೆ 4 ದಿನದವರೆಗೆ. ಬೆಳಿಗ್ಗೆ 9ರೊಳಗೆ ತಿಳಿಸಬೇಕು. ಕರೆಂಟ್ ಹೋಗಿ ಟವರ್ ಸತ್ತಿದ್ದರೆ ಸಿಗ್ನಲ್ ಸಿಕ್ಕ ಮೇಲೆ ಒಂದು ಮಿಸ್ಡ್ ಕಾಲ್ ಕೊಟ್ಟರೂ ಸಾಕು, ನಾನೇ ವಾಪಸ್ ಮಾಡುತ್ತೇನೆ. ಹಳ್ಳ ತುಂಬಿ ಹರಿಯುವಾಗ ಬೈಕ್ ಇಳಿಸಿ ಕೆಲಸಕ್ಕೆ ಬರೋ ಸಾಹಸ ಯಾರೂ ಮಾಡಬೇಡಿ. ಬಂದರೆ ಹೊಗಳೋದಿಲ್ಲ, ಬೈತೇನೆ. ಶಿವಮೊಗ್ಗ ಪೇಟೆಯೊಳಗೆ ಇರೋರು ಮಾತ್ರ 'ಜೋರು ಮಳೆ' ಅನ್ನೋ ಕಾರಣ ಕೊಡಬೇಡಿ, ಕೊಡೆ ಇದೆ.

ಮಹಿಳಾ ಸಿಬ್ಬಂದಿಗೆ: ರಾಜ್ಯ ಸರ್ಕಾರ 2025ರ ನವೆಂಬರಲ್ಲಿ ಹೊರಡಿಸಿದ ಆದೇಶದಂತೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಋತುಚಕ್ರ ರಜೆ. ಡಾಕ್ಟರ್ ಚೀಟಿ ಬೇಡ. ಆ ತಿಂಗಳದ್ದು ಆ ತಿಂಗಳಿಗೇ, ಮುಂದಕ್ಕೆ ಸೇರೋದಿಲ್ಲ. ಪುಸ್ತಕದಲ್ಲಿ ಬರೆಯೋಕೆ ಮುಜುಗರ ಅಂತ ಇಬ್ಬರು ಅಕ್ಕಂದಿರು ಹೇಳಿದರು. ಬರೆಯಬೇಡಿ, ನನಗೆ ಬೇರೆಯಾಗಿ 'ಎಂ' ಅಂತ ಒಂದಕ್ಷರ ಕಳಿಸಿದರೆ ಸಾಕು. ಕಾರಣ ಕೇಳೋ ಅಧಿಕಾರ ನಿಮ್ಮ ವಿಭಾಗದ ಮುಖ್ಯಸ್ಥರಿಗೂ ಇಲ್ಲ. ಹೆರಿಗೆ ರಜೆ ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಬದಲಾವಣೆ ಇಲ್ಲ.

ಜಾತ್ರೆ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಶಾಖೆಗೆ ಒಂದು ದಿನ ರಜೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಆಗಿರೋದರಿಂದ ಆ ವರ್ಷ ಸಾಗರದವರಿಗೆ ಎರಡು ದಿನ. ಬೇರೆ ಊರಿನ ಜಾತ್ರೆಗೆ ಸಿಎಲ್ ಹಾಕಿ ಹೋಗಿ, ಪ್ರಸಾದ ತನ್ನಿ.

ರಜೆ ಕೇಳೋ ರೀತಿ: ಎರಡು ದಿನಕ್ಕಿಂತ ಹೆಚ್ಚಾದರೆ ಒಂದು ವಾರ ಮೊದಲು ಪುಸ್ತಕದಲ್ಲಿ ಬರೆದು ವಿಭಾಗದ ಮುಖ್ಯಸ್ಥರ ಸಹಿ ಮಾಡಿಸಿ. ಈ ಗ್ರೂಪಲ್ಲಿ 'ಸರ್ ಇವತ್ತು ಬರಲ್ಲ' ಅಂತ ಹಾಕಿದ್ದು ರಜೆ ಅರ್ಜಿ ಅಲ್ಲ. ಕಾಯಿಲೆ ರಜೆ ಮೂರು ದಿನ ದಾಟಿದರೆ ಮಾತ್ರ ಡಾಕ್ಟರ್ ಚೀಟಿ. ಹೇಳದೆ ಕೇಳದೆ ಮೂರು ದಿನ ಬಾರದಿದ್ದರೆ ಆ ದಿನಗಳ ಸಂಬಳ ಇರೋದಿಲ್ಲ, ಆಮೇಲೆ ಬಂದು ನನ್ನ ಮೇಜಿನ ಮುಂದೆ ನಿಲ್ಲಬೇಡಿ.

ನಿಮ್ಮ ನಿಮ್ಮ ಬಾಕಿ ರಜೆ ಲೆಕ್ಕ ಶುಕ್ರವಾರದೊಳಗೆ ಒಬ್ಬೊಬ್ಬರಿಗೇ ಕಳಿಸುತ್ತೇನೆ. ತಪ್ಪಿದ್ದರೆ ಜೂನ್ 10ರೊಳಗೆ ಹೇಳಿ. ಈಗ ಇದನ್ನು ಓದಿದವರು 'ಓದಿದೆ' ಅಂತ ಹಾಕಿ. ಬರೀ ಹೆಬ್ಬೆಟ್ಟು ಒತ್ತಿದರೆ ಲೆಕ್ಕಕ್ಕಿಲ್ಲ.

ಆಡಳಿತ ವಿಭಾಗ, ಶಿವಮೊಗ್ಗ