ನಮ್ಮನ್ನು ಹುಡುಕಿಕೊಂಡು ಬಂದ ಟೀಚರ್‌ಗೆ ಹಳೆಯ ವಿದ್ಯಾರ್ಥಿಗಳ ವಂದನೆ

ವೇದಿಕೆಯಲ್ಲಿರುವ ಮುಖ್ಯ ಶಿಕ್ಷಕರೇ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೇ ಮತ್ತು ಸದಸ್ಯರೇ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಬಂದಿರುವ ಹಿರಿಯರೇ, ಟೀಚರ್ ಮನೆಯವರೇ, ಊರಿನ ಹಿರಿಯರೇ, ಅಕ್ಷರ ದಾಸೋಹದ ಅಕ್ಕಂದಿರೇ, ಮುದ್ದು ಮಕ್ಕಳೇ, ಎಲ್ಲಕ್ಕಿಂತ ಮೊದಲು ಹೇಳಬೇಕಾಗಿದ್ದ ನಮ್ಮ ಟೀಚರ್ ಅವರೇ, ನಿಮಗೆಲ್ಲ ನಮಸ್ಕಾರ.

ಹಳೆಯ ವಿದ್ಯಾರ್ಥಿಗಳ ಪರವಾಗಿ ಟೀಚರ್‌ಗೆ ಕೃತಜ್ಞತೆ ಹೇಳುವ ಭಾಗ್ಯ ನನಗೆ ಸಿಕ್ಕಿದೆ. ಅದಕ್ಕೂ ಮೊದಲು ಇಲ್ಲಿ ಸೇರಿರುವ ನಿಮ್ಮೆಲ್ಲರಿಗೂ ಒಂದು ಮಾತು. ಫೆಬ್ರವರಿ ಕೊನೆಯ ಶನಿವಾರ ನಮ್ಮ ಕೊಡಗಿನಲ್ಲಿ ಯಾರಿಗೂ ಬಿಡುವಿನ ದಿನವಲ್ಲ. ರೊಬಸ್ಟಾ ಕೊಯ್ಲು ಇನ್ನೂ ಮುಗಿದಿಲ್ಲ. ಕಣದಲ್ಲಿ ಕಾಫಿ ಹರಡಿದೆ, ಬೆಳಿಗ್ಗೆಯಿಂದ ಮೋಡ ಬೇರೆ ಕವಿಯುತ್ತಿದೆ. ಹೂಮಳೆ ಬಂದರೆ ಗಿಡಕ್ಕೆ ಒಳ್ಳೆಯದು, ಕಣದಲ್ಲಿರುವ ಕಾಫಿಗೆ ಕೆಟ್ಟದ್ದು. ಅಷ್ಟಾದರೂ ತೋಟದ ಮಾಲೀಕರು ಬಂದಿದ್ದೀರಿ. ಒಂದು ದಿನದ ಕೂಲಿ ಬಿಟ್ಟು ಲೈನ್ ಮನೆಗಳ ತಾಯಂದಿರು ಬಂದಿದ್ದೀರಿ. ಪೈಸಾರಿಯವರು, ಹಾಡಿಯವರು, ಗದ್ದೆಯ ಆಚೆಯವರು ಒಂದೇ ಪೆಂಡಾಲಿನಡಿ ಕುಳಿತಿದ್ದೀರಿ. ಈ ಊರಿನಲ್ಲಿ ಇಷ್ಟು ಜನರನ್ನು ಹೀಗೆ ಒಟ್ಟಿಗೆ ಕೂರಿಸಬಲ್ಲವರು ಟೀಚರ್ ಒಬ್ಬರೇ.

ನಾನು ಇದೇ ಶಾಲೆಯಲ್ಲಿ ಒಂದರಿಂದ ಏಳನೇ ತರಗತಿಯವರೆಗೆ ಓದಿದವಳು. ಈಗ ಮಡಿಕೇರಿಯಲ್ಲಿ ನರ್ಸ್ ಆಗಿದ್ದೇನೆ. ನನ್ನ ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು. ಅಮ್ಮ ಈಗಲೂ ಹೋಗುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ಇವತ್ತು ಮಾತ್ರ ರಜೆ ಹಾಕಿ, ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ.

ಟೀಚರ್ ಚೆನ್ನಾಗಿ ಪಾಠ ಮಾಡುತ್ತಿದ್ದರು ಎಂದು ನನಗಿಂತ ಮೊದಲು ಮಾತನಾಡಿದವರೆಲ್ಲ ಹೇಳಿದರು. ಅದು ನೂರಕ್ಕೆ ನೂರು ನಿಜ. ಆದರೆ ತರಗತಿಯಲ್ಲಿ ಕುಳಿತ ಮಕ್ಕಳಿಗೆ ಚೆನ್ನಾಗಿ ಕಲಿಸುವ ಶಿಕ್ಷಕರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ತರಗತಿಗೆ ಬಾರದ ಮಗುವನ್ನು ನಮ್ಮ ಟೀಚರ್ ನೋಡಿಕೊಂಡ ರೀತಿಗಾಗಿ ನಾನು ಇವತ್ತು ಧನ್ಯವಾದ ಹೇಳಬೇಕಾಗಿದೆ. ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಟೀಚರ್ ಪುಸ್ತಕದಿಂದ ತಲೆ ಎತ್ತಿ, ‘ಯಾಕೆ ಬಂದಿಲ್ಲ?’ ಎಂದು ಇಡೀ ತರಗತಿಯನ್ನು ಕೇಳುತ್ತಿದ್ದರು. ನಮ್ಮಲ್ಲಿ ಯಾರಿಗಾದರೂ ಉತ್ತರ ಗೊತ್ತಿರಲೇಬೇಕಿತ್ತು. ಹೊಳೆ ತುಂಬಿ ಕಾಲುಸಂಕ ಮುಳುಗಿದೆ, ದಾರಿಯಲ್ಲಿ ಆನೆ ನಿಂತಿದೆ, ಜ್ವರ ಬಂದಿದೆ, ಅಮ್ಮ ಹಣ್ಣು ಕೊಯ್ಯಲು ಹೋಗಿರುವುದರಿಂದ ತಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ. ಯಾರಿಗೂ ಗೊತ್ತಿಲ್ಲದಿದ್ದರೆ ಸಂಜೆ ಶಾಲೆ ಬಿಟ್ಟ ಮೇಲೆ ಟೀಚರ್ ತಾವೇ ಹೊರಡುತ್ತಿದ್ದರು.

ತಮ್ಮನನ್ನು ನೋಡಿಕೊಳ್ಳುತ್ತಿದ್ದವಳು ನಾನು. ಆಗ ಮೂರನೇ ತರಗತಿ. ಕೊಯ್ಲಿನ ಕಾಲದಲ್ಲಿ ಅಮ್ಮ ಬೆಳಿಗ್ಗೆ ತೋಟಕ್ಕೆ ಹೋದರೆ ಸಂಜೆ ಹಣ್ಣಿನ ತೂಕ ಮುಗಿದ ಮೇಲೆಯೇ ಬರುತ್ತಿದ್ದುದು. ಕೊಯ್ದಷ್ಟು ಕೂಲಿ. ಆ ಮೂರು ತಿಂಗಳ ದುಡಿಮೆಯಲ್ಲಿ ಮಳೆಗಾಲದ ಸಾಲ ತೀರಬೇಕು. ಮಗುವನ್ನು ಎತ್ತಿಕೊಂಡು ಗಿಡ ಬಗ್ಗಿಸಲು ಆಗುವುದಿಲ್ಲ. ಹಾಗಾಗಿ ನಾನು ಮನೆಯಲ್ಲಿ ಉಳಿದೆ. ಇದರಲ್ಲಿ ಅಮ್ಮನ ತಪ್ಪು ಏನೂ ಇರಲಿಲ್ಲ. ಟೀಚರ್‌ಗೂ ಅದು ಗೊತ್ತಿತ್ತು. ಅವರು ನಮ್ಮ ಲೈನ್ ಮನೆಗೆ ಬಂದಾಗ ಬೈಯಲಿಲ್ಲ, ಓದಿನ ಮಹತ್ವದ ಬಗ್ಗೆ ಭಾಷಣ ಮಾಡಲಿಲ್ಲ. ಜಗಲಿಯಲ್ಲಿ ಕುಳಿತು ಅಮ್ಮ ಕೊಟ್ಟ ಕಪ್ಪು ಕಾಫಿ ಕುಡಿದರು. ‘ನಾಳೆಯಿಂದ ಇಬ್ಬರನ್ನೂ ಕಳುಹಿಸಿ. ಚಿಕ್ಕವನನ್ನು ಅಂಗನವಾಡಿಯಲ್ಲಿ ಕೂರಿಸೋಣ, ನಾನು ಅವರ ಹತ್ತಿರ ಮಾತನಾಡಿದ್ದೇನೆ. ಅತ್ತರೆ ನನ್ನ ತರಗತಿಯಲ್ಲೇ ಇರಲಿ’ ಎಂದರು. ತಮ್ಮ ಅತ್ತ. ಎಷ್ಟೋ ದಿನ ಅವನು ಟೀಚರ್ ಮೇಜಿನ ಪಕ್ಕದಲ್ಲಿ ಸೀಮೆಸುಣ್ಣದ ಚೂರು ಹಿಡಿದು ಕುಳಿತಿದ್ದ. ಆ ವರ್ಷ ಹೀಗೆ ಅಕ್ಕ ಅಣ್ಣಂದಿರ ಕೈ ಹಿಡಿದು ಬಂದ ಪುಟ್ಟ ಮಕ್ಕಳು ಇನ್ನೂ ಕೆಲವರಿದ್ದರು. ಅವರಲ್ಲಿ ಇಬ್ಬರು ಇವತ್ತು ಈ ಪೆಂಡಾಲ್ ಕಟ್ಟಿದ್ದಾರೆ.

ಈಗಿನ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ, ನಾವು ಸಣ್ಣವರಿದ್ದಾಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಡುತ್ತಿದ್ದರು, ಅದೂ ಶೇಕಡಾ 80ರಷ್ಟು ಹಾಜರಿ ಇದ್ದವರಿಗೆ ಮಾತ್ರ. ಅಂದರೆ ಕಷ್ಟ ಹೆಚ್ಚಿದ್ದ ಮನೆಯ ಮಗುವಿಗೇ ಅಕ್ಕಿ ತಪ್ಪುವ ಸಂಭವ ಹೆಚ್ಚು. ಟೀಚರ್ ಹಾಜರಿ ಪುಸ್ತಕದಲ್ಲಿ ಒಂದು ದಿನವೂ ಸುಳ್ಳು ಬರೆಯಲಿಲ್ಲ. ಬದಲಿಗೆ ತಿಂಗಳ ನಡುವೆಯೇ ಲೆಕ್ಕ ಹಾಕಿ, ಯಾವ ಮಗುವಿಗೆ ಹಾಜರಿ ಕಡಿಮೆಯಾಗುತ್ತಿದೆ ಎಂದು ನೋಡಿ, ಆ ಮನೆಗೆ ಮುಂಚಿತವಾಗಿ ಹೋಗುತ್ತಿದ್ದರು. ನಿಯಮವನ್ನೂ ಉಳಿಸಿ ಮಗುವಿನ ಅಕ್ಕಿಯನ್ನೂ ಉಳಿಸಲು ಎಷ್ಟು ನಡೆಯಬೇಕಾಗುತ್ತದೆ ಎಂಬುದು ಈ ದಾರಿಗಳಲ್ಲಿ ಜೂನ್ ಜುಲೈ ತಿಂಗಳಲ್ಲಿ ನಡೆದವರಿಗೆ ಗೊತ್ತು.

ಮಳೆಗಾಲದ ಬಗ್ಗೆ ಹೇಳದೆ ಹೋದರೆ ಕೊಡಗಿನ ಶಾಲೆಯ ಮಾತು ಮುಗಿಯುವುದಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದ ನಮ್ಮ ಕಾಲುಗಳನ್ನು ಟೀಚರ್ ಬಾಗಿಲಲ್ಲೇ ನಿಲ್ಲಿಸಿ ನೋಡುತ್ತಿದ್ದರು. ಜಿಗಣೆ ಕಂಡರೆ ಉಪ್ಪಿನ ಗಂಟು ಮುಟ್ಟಿಸುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ನಡುಗುವವರಿಗೆ ಕೊಡಲೆಂದು ಬೀರುವಿನಲ್ಲಿ ಒಂದಷ್ಟು ಹಳೆಯ ಬಟ್ಟೆ ಒಗೆದು ಮಡಿಸಿ ಇಟ್ಟಿರುತ್ತಿದ್ದರು. ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ನಮಗೆ ಹಬ್ಬ. ಆ ಪಾಠಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ಕೂತು ಮುಗಿಸುವವರು ಟೀಚರ್.

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಭಾಷೆ ಮಾತನಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಕಲಿತೆವು. ಈಗ ಅಸ್ಸಾಂನಿಂದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಮೊನ್ನೆ ಈ ಕಾರ್ಯಕ್ರಮದ ಸಿದ್ಧತೆಗೆಂದು ಬಂದಾಗ ಅಲ್ಲಿಂದ ಬಂದ ಪುಟ್ಟ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ತನ್ನ ಹೆಸರನ್ನು ದುಂಡಗೆ ಕನ್ನಡದಲ್ಲಿ ಬರೆದು ತೋರಿಸಿದಳು. ನನಗೆ ಕಲಿಸಿದ ಕೈಯೇ ಅವಳಿಗೂ ಕಲಿಸಿದೆ ಎಂದು ಆ ಅಕ್ಷರ ನೋಡಿದ ಕೂಡಲೇ ತಿಳಿಯಿತು. ಟೀಚರ್ ಬರೆಯುವ ‘ಳ’ ಅಕ್ಷರದ ಕೊನೆಯ ಸುರುಳಿ ಬೇರೆ ಯಾರಿಗೂ ಬರುವುದಿಲ್ಲ.

2018ರ ಆಗಸ್ಟ್ ತಿಂಗಳನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಎಂದು ಒಂದೊಂದೇ ಹೆಸರು ಕೇಳಿ ಬರುತ್ತಿತ್ತು. ಗುಡ್ಡ ಜಾರುತ್ತಿತ್ತು, ರಸ್ತೆ ಇರಲಿಲ್ಲ, ಕರೆಂಟ್ ಇರಲಿಲ್ಲ, ಫೋನ್ ಸಿಗುತ್ತಿರಲಿಲ್ಲ. ಆಗ ನಾನು ಪರಿಹಾರ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದೆ. ಒಂದು ಸಂಜೆ ಬಾಗಿಲಲ್ಲಿ ಟೀಚರ್ ನಿಂತಿದ್ದರು. ಸೀರೆಯ ಅಂಚೆಲ್ಲ ಕೆಸರು. ಕೈಯಲ್ಲಿ ಒಂದು ಉದ್ದ ಹಾಳೆ, ಅದರಲ್ಲಿ ಶಾಲೆಯ ಎಲ್ಲ ಮಕ್ಕಳ ಹೆಸರು. ಒಂದು ಕೇಂದ್ರದಿಂದ ಇನ್ನೊಂದು ಕೇಂದ್ರಕ್ಕೆ, ಸಂಬಂಧಿಕರ ಮನೆಗಳಿಗೆ ಹೋಗಿ, ಕಂಡ ಮಗುವಿನ ಹೆಸರಿನ ಮುಂದೆ ಗುರುತು ಹಾಕುತ್ತಾ ಬಂದಿದ್ದರು. ನನ್ನನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, ‘ಇಲ್ಲಿ ನಮ್ಮ ಮಕ್ಕಳು ಯಾರಿದ್ದಾರೆ?’ ನಾಲ್ವರಿದ್ದರು. ಆ ನಾಲ್ವರು ಟೀಚರ್ ದನಿ ಕೇಳಿ ಎದ್ದು ಓಡಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಅದುವರೆಗೆ ಒಂದು ಮಾತೂ ಆಡದೆ ಕಂಬಳಿಯೊಳಗೆ ಕುಳಿತಿದ್ದ ಹುಡುಗ ಅವತ್ತು ರಾತ್ರಿ ಊಟ ಮಾಡಿದ. ಕೆಲವು ದಿನಗಳಲ್ಲಿ ಹಾಳೆಯ ಎಲ್ಲ ಹೆಸರಿಗೂ ಗುರುತು ಬಿತ್ತು. ನಮ್ಮ ಪುಣ್ಯ. ಮನೆ ಕಳೆದುಕೊಂಡವರು ಬೇರೆ ಊರು ಸೇರಿದಾಗ ಅವರ ವರ್ಗಾವಣೆ ಪತ್ರ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲವನ್ನೂ ಟೀಚರ್ ಆ ಊರಿನ ಶಾಲೆಗೇ ಮುಟ್ಟಿಸಿ ಬಂದರು.

2020ರಲ್ಲಿ ಶಾಲೆ ಮುಚ್ಚಿದಾಗಲೂ ಹೀಗೆಯೇ. ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತುತ್ತಿದ್ದ ಕಾಲ. ವಿದ್ಯಾಗಮ ಆರಂಭವಾದಾಗ ಲೈನ್ ಮನೆಗಳ ಜಗಲಿಯಲ್ಲಿ, ಕಾಫಿ ಕಣದ ಮೂಲೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಟೀಚರ್ ತರಗತಿ ನಡೆಸಿದರು.

ನನ್ನ ಸ್ವಂತ ಋಣ ಒಂದನ್ನು ಹೇಳಿ ಮುಗಿಸುತ್ತೇನೆ. ಏಳನೇ ತರಗತಿ ಮುಗಿದಾಗ ನಮ್ಮ ಮನೆಯವರು ಬೇರೆ ತೋಟಕ್ಕೆ ಹೋಗುವವರಿದ್ದರು. ಅಲ್ಲಿಂದ ಹೈಸ್ಕೂಲು ದೂರ. ನನ್ನ ಓದು ಅಲ್ಲಿಗೇ ನಿಲ್ಲುವುದಿತ್ತು. ಟೀಚರ್ ಮಡಿಕೇರಿಯ ಸರ್ಕಾರಿ ವಿದ್ಯಾರ್ಥಿನಿಲಯದ ಅರ್ಜಿ ತಂದರು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆಂದು ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತರು. ಬೇಸಿಗೆ ರಜೆಯಲ್ಲಿ, ತಮ್ಮ ಮಗಳಿಗೆ ಪರೀಕ್ಷೆ ಇದ್ದ ವಾರದಲ್ಲಿ. ಹೋಗಿ ಸೇರುವ ದಿನ ತಟ್ಟೆ, ಲೋಟ, ಹೊದಿಕೆ ಕಟ್ಟಿಕೊಟ್ಟು, ‘ಅಮ್ಮನಿಗೆ ಕಾಗದ ಬರೆ, ನಾನು ಓದಿ ಹೇಳುತ್ತೇನೆ’ ಎಂದರು. ಬರೆದೆ. ಅಮ್ಮ ಆ ಕಾಗದಗಳನ್ನೆಲ್ಲ ಇವತ್ತಿಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಟೀಚರ್, ನನ್ನ ಸಂಬಳದಿಂದ ನಾವು ಕಟ್ಟಿದ ಮನೆಯಲ್ಲಿ ಆ ಟ್ರಂಕ್ ಇದೆ.

ಇಂಥ ಕಥೆ ಇಲ್ಲಿ ಕುಳಿತಿರುವ ಪ್ರತಿಯೊಬ್ಬರ ಬಳಿಯೂ ಇದೆ. ಸೇನೆಯಿಂದ ರಜೆ ಹಾಕಿ ಬಂದವರು, ಜೀಪ್ ಓಡಿಸುವವರು, ಸ್ವಂತ ತೋಟ ನೋಡಿಕೊಳ್ಳುವವರು, ಇದೇ ಶಾಲೆಗೆ ಮಗುವನ್ನು ಸೇರಿಸಿರುವವರು, ಎಲ್ಲರ ಪರವಾಗಿಯೂ ನಾನು ಕೈ ಮುಗಿಯುತ್ತಿದ್ದೇನೆ. ಟೀಚರ್ ಯಜಮಾನರಿಗೆ ಮತ್ತು ಮಕ್ಕಳಿಗೆ ವಿಶೇಷ ವಂದನೆ. ನಿಮ್ಮ ಮನೆಗೆ ಸೇರಬೇಕಾಗಿದ್ದ ಎಷ್ಟೋ ಸಂಜೆಗಳನ್ನು ನಮಗೆ ಬಿಟ್ಟುಕೊಟ್ಟಿರಿ. ಅಡುಗೆಯ ಅಕ್ಕಂದಿರಿಗೆ, ಅಂಗನವಾಡಿಯ ಅಮ್ಮನಿಗೆ, ಟೀಚರ್ ಜೊತೆ ದುಡಿದ ಎಲ್ಲ ಶಿಕ್ಷಕರಿಗೂ ನಮ್ಮ ಕೃತಜ್ಞತೆ.

ಟೀಚರ್, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ಊರಿನವರು ಕೊಟ್ಟಿದ್ದಾರೆ. ಹಳೆಯ ವಿದ್ಯಾರ್ಥಿಗಳ ಕಡೆಯಿಂದ ನಾವು ಒಂದು ಪಟ್ಟಿ ತಂದಿದ್ದೇವೆ. ಪ್ರತಿ ಲೈನ್ ಮನೆ ಸಾಲಿಗೆ, ಪೈಸಾರಿಗೆ, ಹಾಡಿಗೆ ಒಬ್ಬೊಬ್ಬರಂತೆ ನಮ್ಮ ಹೆಸರು ಮತ್ತು ಫೋನ್ ನಂಬರ್ ಇದರಲ್ಲಿದೆ. ಒಂದು ಮಗು ಕಾರಣ ತಿಳಿಸದೆ ಮೂರು ದಿನ ಶಾಲೆಗೆ ಬಾರದಿದ್ದರೆ ಮುಖ್ಯ ಶಿಕ್ಷಕರು ಆ ನಂಬರಿಗೆ ಕರೆ ಮಾಡುತ್ತಾರೆ, ಅದೇ ಸಂಜೆ ನಮ್ಮಲ್ಲೊಬ್ಬರು ಆ ಮನೆಗೆ ಹೋಗುತ್ತೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೊಳೆಯಾಚೆಯ ಮಕ್ಕಳಿಗೆ ಜೀಪಿನ ವ್ಯವಸ್ಥೆಯನ್ನೂ ನಾವೇ ನೋಡಿಕೊಳ್ಳುತ್ತೇವೆ. ಸಮಿತಿಯ ಅಧ್ಯಕ್ಷರು ಒಪ್ಪಿ ಸಹಿ ಹಾಕಿದ್ದಾರೆ. ಇದರ ಒಂದು ಪ್ರತಿ ಶಾಲೆಗೆ, ಇನ್ನೊಂದು ನಿಮಗೆ. ಯಾರಾದರೂ ಹೋಗಲಿಲ್ಲ ಎಂದು ಗೊತ್ತಾದರೆ ಅವರನ್ನು ಕರೆದು ಕೇಳುವ ಅಧಿಕಾರ ನಿಮ್ಮದೇ.

ದಯವಿಟ್ಟು ಸ್ವೀಕರಿಸಿ, ಟೀಚರ್. ನಿಮಗೆ ನಮ್ಮೆಲ್ಲರ ಹೃದಯಪೂರ್ವಕ ವಂದನೆಗಳು. ನಮಸ್ಕಾರ.